ಅಪ್ಪನಿಗೆ ಕೊಡೋ ಫೀ ಪತ್ರ: ಟ್ಯಾಲಿ–ಜಿಎಸ್‌ಟಿ ಕೋರ್ಸಿಗೆ 15,000 ಕೇಳ್ತಿದೀನಿ, ಲೆಕ್ಕ ಸರಿ ಇದೆಯಾ ನೋಡಿ

ಅಟ್ಟದ ಕೊಬ್ಬರಿ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಲ್ಲಿ ಬಿ.ಕಾಂ. ಕೊನೇ ವರ್ಷ ಓದ್ತಿದೀನಿ. ಊರು ತಾಲ್ಲೂಕಿನಲ್ಲೇ ಒಂದು ಹಳ್ಳಿ. ಜನವರಿಯಿಂದ ಮೂರು ತಿಂಗಳ ಟ್ಯಾಲಿ ಮತ್ತು ಜಿಎಸ್‌ಟಿ ಕೋರ್ಸ್ ಮಾಡಬೇಕು ಅಂತ ಆಸೆ. ಅಪ್ಪನ ಹತ್ರ ಬಾಯಲ್ಲಿ ಎರಡು ಸಲ ಕೇಳಿದೆ. ಎರಡು ಸಲವೂ ಮಾತು ಬೋರ್‌ವೆಲ್ ಮೋಟರ್ ಕಡೆ ಹೋಗಿ ಅಲ್ಲೇ ನಿಂತುಹೋಯ್ತು. ಅದಕ್ಕೇ ಈ ಸಲ ಬರೆದು ಕೊಡೋಣ ಅಂತಿದೀನಿ. ಅಪ್ಪ ಓದಿರೋದು ಎಸ್ಸೆಸ್ಸೆಲ್ಸಿ. ಆದರೆ ಕಾಯಿ ಕೀಳಿಸಿದ ಕೂಲಿ, ಸುಲಿಸಿದ ಕೂಲಿ, ಗೊಬ್ಬರ, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತಾರೆ. ಬರೆದದ್ದನ್ನ ನಂಬೋ ಮನುಷ್ಯ.

ಕರಡು ಹೀಗಿದೆ:

"ಅಪ್ಪಾಜಿ, ಅಮ್ಮ, ಇವತ್ತಿನ ಸ್ಪರ್ಧಾತ್ಮಕ ಯುಗದಲ್ಲಿ ಡಿಗ್ರಿ ಒಂದೇ ಸಾಲದು. ಟ್ಯಾಲಿ ಕಲಿತರೆ ಒಳ್ಳೆಯ ಕೆಲಸ ಸಿಗುತ್ತದೆ. ಕೋರ್ಸ್ ಫೀ 9,000. ಪುಸ್ತಕ 500. ಸರ್ಟಿಫಿಕೇಟ್ 1,000. ಓಡಾಟ 3,000. ಇತರೆ 1,500. ಒಟ್ಟು 15,000 ರೂಪಾಯಿ. ಕೋರ್ಸ್ ಮುಗಿದ ಮೇಲೆ ತಿಂಗಳಿಗೆ 20,000 ಸಂಬಳ ಸಿಗಬಹುದು. ಒಂದೇ ತಿಂಗಳಲ್ಲಿ ಹಣ ವಾಪಸ್ ಬರುತ್ತದೆ. ಆತ್ಮವಿಶ್ವಾಸವೂ ಹೆಚ್ಚುತ್ತದೆ."

ಏನು ಬದಲಾಯಿಸಲಿ, ಹೇಳಿ.

ಮಲ್ನಾಡ್ ಮಳೆ

ಎಜುಕೇಶನ್ ಲೋನಿಗೆ ತಂದೆಯ ಪಹಣಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಅಡ್ಮಿಷನ್ ಲೆಟರ್ ಬೇಕಾಗುತ್ತೆ. ಮೊದಲು ನಿಮ್ಮ ಊರಿನ ಬ್ಯಾಂಕ್ ಮ್ಯಾನೇಜರನ್ನ ಭೇಟಿ ಮಾಡಿ. ನನ್ನ ತಮ್ಮನಿಗೆ ಇಂಜಿನಿಯರಿಂಗ್‌ಗೆ ಹಾಗೇ ಮಾಡಿದ್ವಿ.

ಅಟ್ಟದ ಕೊಬ್ಬರಿ

ಸರ್, ಸಾಲ ಬೇಡ. ಅಪ್ಪ ಅಮ್ಮನಿಗೆ ಕೊಡೋ ಪತ್ರ ಅಷ್ಟೇ.

ಇಬ್ಬರ ಅಪ್ಪ

ತಾಯಿ, ನಾನು ಈ ಥರ ಪತ್ರ ಇಸ್ಕೊಂಡಿರೋ ಅಪ್ಪ, ಅದಕ್ಕೆ ಹೇಳ್ತೀನಿ. ನನ್ನ ಮಗ ಬೆಂಗಳೂರಿಂದ ಒಂದು ಡೇಟಾ ಸೈನ್ಸ್ ಕೋರ್ಸಿಗೆ 85,000 ಕೇಳಿ ನಾಲ್ಕು ಪುಟ ಕಳಿಸಿದ್ದ. ಅದರಲ್ಲಿ ಮೂರು ಪುಟ ಆ ಸಂಸ್ಥೆಯ ಬ್ರೋಷರ್‌ದೇ ಮಾತು. ಕಂತಿನಲ್ಲಿ ಕಟ್ಟಬಹುದು ಅಂತ ಬರೆದಿದ್ದ. ಆ ಕಂತು ಸಂಸ್ಥೆಗೆ ಕಟ್ಟೋದಲ್ಲ, ಒಂದು ಸಾಲದ ಕಂಪನಿಗೆ ಕಟ್ಟೋದು ಅಂತ ನನಗೆ ಗೊತ್ತಾಗಿದ್ದು ಅವನು ಎರಡನೇ ತಿಂಗಳು ಕ್ಲಾಸ್ ಬಿಟ್ಟ ಮೇಲೆ. ಕ್ಲಾಸ್ ನಿಂತರೂ ಕಂತು ನಿಲ್ಲಲಿಲ್ಲ.

ನಿನ್ನ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು "ಇತರೆ 1,500" ಮೇಲೆ. ಎರಡನೇದು, ಕೂಡಿದರೆ ಸರಿಯಾಗಿ 15,000 ಆಗಿದೆ. ನಿಜವಾದ ಖರ್ಚು ಇಷ್ಟು ಚೆನ್ನಾಗಿ ದುಂಡಗೆ ಬರಲ್ಲ. ಮೊದಲು 15,000 ಅಂತ ತೀರ್ಮಾನ ಮಾಡಿ ಆಮೇಲೆ ಮೇಲಿನ ಸಾಲು ತುಂಬಿಸಿದ ಹಾಗೆ ಕಾಣ್ತದೆ.

ನೇರನುಡಿ ಮಂಡ್ಯ

ಓಡಾಟ 3,000 ಯಾಕೆ? ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆಯಲ್ಲ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಿಮ್ಮ ಅಪ್ಪನಿಗೂ ಇದು ಗೊತ್ತಿರುತ್ತೆ. ಆ ಒಂದು ಸಾಲು ಸಾಕು, ಉಳಿದದ್ದೆಲ್ಲ ಸುಳ್ಳು ಅನ್ನಿಸೋಕೆ.

ಅಟ್ಟದ ಕೊಬ್ಬರಿ

ಸರಿ, ಅದು ನನ್ನ ತಪ್ಪು. ಕಾಲೇಜಿಗೆ ದಿನಾ ಹೋಗೇ ಹೋಗ್ತೀನಿ, ಕ್ಲಾಸು ಮಧ್ಯಾಹ್ನ 3ರಿಂದ 5. ಬಸ್ಸಿಗೆ ಏನೂ ಹೆಚ್ಚು ಬೀಳಲ್ಲ. 5:15ರ ಬಸ್ ತಪ್ಪಿದರೆ ಮಾತ್ರ ಹೈವೇ ಕ್ರಾಸಲ್ಲಿ ಇಳಿದು ಅಲ್ಲಿಂದ ಆಟೋ, 20 ರೂಪಾಯಿ. ಮೂರು ತಿಂಗಳಲ್ಲಿ ಇಪ್ಪತ್ತು ದಿನ ಹಾಗಾದರೂ 400.

ಇನ್ನೊಂದು ವಿಷಯ ಹೇಳಬೇಕಿತ್ತು. ಇವತ್ತು ಸಂಸ್ಥೆಗೆ ಫೋನ್ ಮಾಡಿದೆ. 9,000 ಅಂದ್ರೆ ಬರೀ ಫೀ ಅಂತೆ, ಮೇಲೆ 18% ಜಿಎಸ್‌ಟಿ 1,620 ಸೇರಿ 10,620 ಆಗುತ್ತಂತೆ. ಬೋರ್ಡಲ್ಲಿ ಅದು ಇರಲಿಲ್ಲ.

ನೇರನುಡಿ ಮಂಡ್ಯ

ಶುದ್ಧ ಮೋಸ! ಶಿಕ್ಷಣಕ್ಕೆ ಜಿಎಸ್‌ಟಿ ಇಲ್ಲ. ನಿಮ್ಮ ಕಾಲೇಜು ಫೀ ರಸೀದಿ ತೆಗೆದು ನೋಡಿ, ಎಲ್ಲಾದರೂ ಜಿಎಸ್‌ಟಿ ಇದೆಯಾ?

ಡೇಬುಕ್

ಮಂಡ್ಯದವರೇ, ಕಾಲೇಜಿನ ವಿಷಯ ನೀವು ಹೇಳಿದ್ದು ಸರಿ. ವಿಶ್ವವಿದ್ಯಾಲಯದ ಪದವಿಗೆ ಪಾಠ ಮಾಡೋ ಕಾಲೇಜಿಗೆ ವಿನಾಯಿತಿ ಇದೆ. ಖಾಸಗಿ ಟ್ರೈನಿಂಗ್ ಸೆಂಟರಿಗೆ, ಟ್ಯೂಷನ್ ಸೆಂಟರಿಗೆ ಇಲ್ಲ, ಅವರಿಗೆ 18% ಬೀಳುತ್ತೆ. ಆದರೆ ತೆರಿಗೆ ಕೇಳಬೇಕಾದರೆ ಅವರು ನೋಂದಣಿ ಆಗಿರಬೇಕು. ಸೇವೆ ಕೊಡೋರಿಗೆ ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ನೋಂದಣಿ ಕಡ್ಡಾಯ ಅಲ್ಲ. ನೋಂದಣಿ ಇಲ್ಲದವರು ಒಂದು ರೂಪಾಯಿ ಜಿಎಸ್‌ಟಿ ಕೂಡ ವಸೂಲಿ ಮಾಡೋ ಹಾಗಿಲ್ಲ.

ತಂಗಿ, ನಾನು ಆಡಿಟರ್ ಆಫೀಸಲ್ಲಿ 18 ವರ್ಷದಿಂದ ಇದೀನಿ. ಹೊಸ ಹುಡುಗ ಹುಡುಗಿಯರನ್ನ ಕೆಲಸಕ್ಕೆ ತಗೊಳ್ಳುವಾಗ ಕೂರಿಸಿ ಪರೀಕ್ಷೆ ಮಾಡೋದು ನಾನೇ. ನೀನು ಅವರ ಹತ್ರ ಜಿಎಸ್‌ಟಿ ನಂಬರ್ ಕೇಳು. ಹದಿನೈದು ಅಕ್ಷರ ಇರುತ್ತೆ, ಕರ್ನಾಟಕದ್ದಾದರೆ 29ರಿಂದ ಶುರು. `gst.gov.in` ತೆಗೆದು `Search Taxpayer` ಒಳಗೆ `Search by GSTIN/UIN` ಅಂತ ಇದೆ, ಲಾಗಿನ್ ಬೇಕಿಲ್ಲ. ಅಲ್ಲಿ ಹೆಸರು, ವಿಳಾಸ, ನೋಂದಣಿ ಈಗ ಚಾಲ್ತಿಯಲ್ಲಿದೆಯಾ ಎಲ್ಲಾ ಕಾಣುತ್ತೆ. ನೀನು ಕಲಿಯೋಕೆ ಹೊರಟಿರೋದೇ ಈ ಕೆಲಸ. ಇದನ್ನ ನೀನೇ ಮಾಡಿ ಪತ್ರದಲ್ಲಿ ಬರಿ. ಅಪ್ಪನಿಗೆ "ಆತ್ಮವಿಶ್ವಾಸ ಹೆಚ್ಚುತ್ತದೆ" ಅನ್ನೋ ಸಾಲಿಗಿಂತ ಇದರಿಂದ ಹೆಚ್ಚು ಅರ್ಥ ಆಗುತ್ತೆ.

ಅಟ್ಟದ ಕೊಬ್ಬರಿ

ಅಕ್ಕ, ನೋಡಿದೆ. ಅವರು ಕೊಟ್ಟ ನಂಬರ್ ಇದೆ, ಆದರೆ ಅದರ ಮುಂದೆ `Cancelled` ಅಂತ ಬರ್ತಿದೆ. ಹೋದ ವರ್ಷವೇ ರದ್ದಾಗಿದೆ. ಹೋಗಿ ಕೇಳಿದೆ. ಆಫೀಸಲ್ಲಿದ್ದವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಸರಿ, ನೀನು 9,000 ಕೊಡು, ರಸೀದಿ ಬರೆದುಕೊಡ್ತೀವಿ" ಅಂದ್ರು.

ಅದೇ ರಸ್ತೆಯಲ್ಲಿ ಇನ್ನೊಂದು ಸೆಂಟರ್ ಇದೆ. ಅಲ್ಲಿ 8,500, ಜಿಎಸ್‌ಟಿ 1,530, ಒಟ್ಟು 10,030. ನಂಬರ್ ಚಾಲ್ತಿಯಲ್ಲಿದೆ, ಸರ್ಟಿಫಿಕೇಟಿಗೆ ಬೇರೆ ದುಡ್ಡಿಲ್ಲ. ಆದರೆ ಮೊದಲ ಸೆಂಟರಿನ ಮೇಷ್ಟ್ರು ತುಂಬಾ ಚೆನ್ನಾಗಿ ಹೇಳಿಕೊಡ್ತಾರೆ ಅಂತ ಸೀನಿಯರ್ಸ್ ಎಲ್ಲಾ ಹೇಳ್ತಾರೆ.

ಕೊನೇ ಬೆಂಚು

ಮೇಷ್ಟ್ರು ಚೆನ್ನಾಗಿದ್ರೆ ಅಲ್ಲೇ ಸೇರ್ಕೊಳ್ಳಿ. ಫೀಯಲ್ಲಿ ಸಾವಿರ ರೂಪಾಯಿ ಉಳಿಯುತ್ತೆ. ಜಿಎಸ್‌ಟಿ ಕಟ್ಟೋದು ಅವರ ಹಣೆಬರಹ, ನಿಮಗೇನು?

ಇಬ್ಬರ ಅಪ್ಪ

ನಾನಾಗಿದ್ರೆ ಸೇರಿಸಲ್ಲ. ರದ್ದಾದ ನಂಬರ್ ತೋರಿಸಿ 1,620 ಕೇಳಿದವರು, ಮಧ್ಯದಲ್ಲಿ ಬ್ಯಾಚ್ ನಿಂತರೆ ದುಡ್ಡು ವಾಪಸ್ ಕೊಡ್ತಾರಾ?

ಡೇಬುಕ್

ನನಗೂ ಎರಡನೇ ಕಡೆಯೇ ವಾಸಿ ಅನ್ಸುತ್ತೆ. ಆದರೆ ಒಳ್ಳೇ ಮೇಷ್ಟ್ರು ಸಿಗೋದೂ ಸುಲಭ ಅಲ್ಲ, ಕೊನೇ ಬೆಂಚಿನವರ ಮಾತನ್ನ ಪೂರ್ತಿ ತಳ್ಳಿಹಾಕಲ್ಲ. ಎರಡು ಕಡೆಯೂ ಒಂದೊಂದು ದಿನ ಕ್ಲಾಸಲ್ಲಿ ಕೂತು ನೋಡು. ಗಮನಿಸಬೇಕಾದ್ದು ಒಂದೇ: ಹುಡುಗರು ಏನನ್ನ ನೋಡಿ ಎಂಟ್ರಿ ಮಾಡ್ತಿದ್ದಾರೆ? ಪುಸ್ತಕದಲ್ಲಿರೋ "ರಾಮ ಬಂಡವಾಳ ಹೂಡಿದನು 50,000" ಅನ್ನೋದನ್ನ ನೋಡಿ ಟೈಪ್ ಮಾಡ್ತಿದ್ದರೆ ಅದನ್ನ ನೀನು ಬಿ.ಕಾಂ.ನಲ್ಲಿ ಕಲಿತಾಗಿದೆ. ನಿಜವಾದ ಬಿಲ್ಲುಗಳ ಕಟ್ಟು, ಬ್ಯಾಂಕ್ ಸ್ಟೇಟ್‌ಮೆಂಟಿನ ಜೆರಾಕ್ಸ್ ಮುಂದಿಟ್ಟುಕೊಂಡು ಮಾಡ್ತಿದ್ದರೆ ಆ ಕೋರ್ಸಿಗೆ ದುಡ್ಡು ಕೊಡಬಹುದು.

ಇನ್ನು ಸಂಬಳದ ವಿಷಯ. 20,000 ಎಲ್ಲಿಂದ ಬಂತು?

ಅಟ್ಟದ ಕೊಬ್ಬರಿ

ಬ್ರೋಷರಲ್ಲಿತ್ತು ಅಕ್ಕ.

ಡೇಬುಕ್

ತೆಗೆದುಹಾಕು. ನಿನಗೆ ಗೊತ್ತಿರೋರ ಸಂಬಳ ಬರಿ. ಹೋದ ವರ್ಷ ಪಾಸಾದವರಲ್ಲಿ ಟ್ಯಾಲಿ ಬರೋರು ಒಬ್ಬರು, ಬರದೇ ಇರೋರು ಒಬ್ಬರು, ಇಬ್ಬರನ್ನೂ ಕೇಳು. ಲಾಭ ಅಂದ್ರೆ ಕೋರ್ಸ್ ಆದಮೇಲೆ ಬರೋ ಪೂರ್ತಿ ಸಂಬಳ ಅಲ್ಲ. ಕೋರ್ಸ್ ಮಾಡದೇ ಇದ್ದರೂ ನೀನು ಮನೇಲಿ ಕೂರಲ್ಲ, ಎಲ್ಲೋ ಒಂದು ಕಡೆ ಕೆಲಸಕ್ಕೆ ಹೋಗೇ ಹೋಗ್ತೀಯ. ಆ ಎರಡರ ನಡುವಿನ ವ್ಯತ್ಯಾಸ ಮಾತ್ರ ಈ ಕೋರ್ಸ್ ತಂದುಕೊಡೋದು. ನಿಮ್ಮಪ್ಪನಿಗೆ ಇದು ತಕ್ಷಣ ಹೊಳೆಯುತ್ತೆ. ಕಾಯಿ ಮಾರೋದಾ, ವರ್ಷ ಅಟ್ಟದಲ್ಲಿಟ್ಟು ಕೊಬ್ಬರಿ ಮಾಡಿ ಮಾರೋದಾ ಅಂತ ಲೆಕ್ಕ ಹಾಕುವಾಗ ಅವರು ಕೊಬ್ಬರಿಯ ಪೂರ್ತಿ ಬೆಲೆಯನ್ನ ಲಾಭ ಅಂತ ಬರೆದುಕೊಳ್ಳಲ್ಲ, ಕಾಯಿ ಮಾರಿದ್ರೆ ಬರ್ತಿದ್ದ ದುಡ್ಡನ್ನ ಕಳೀತಾರೆ.

ಅಟ್ಟದ ಕೊಬ್ಬರಿ

ಇಬ್ಬರನ್ನೂ ಕೇಳಿದೆ. ಸೀರೆ ಅಂಗಡಿ ಕೌಂಟರಲ್ಲಿರೋ ಅಕ್ಕನಿಗೆ 8,000. ಟ್ಯಾಲಿ ಕಲಿತು ಆಡಿಟರ್ ಆಫೀಸಿಗೆ ಸೇರಿದವಳಿಗೆ ಶುರುವಲ್ಲೇ 10,000. ವ್ಯತ್ಯಾಸ 2,000 ಮಾತ್ರ. ಬರೆದು ನೋಡಿದಾಗ ಬೇಜಾರಾಯ್ತು. 20,000 ಎಲ್ಲಿ, 2,000 ಎಲ್ಲಿ.

ಡೇಬುಕ್

ಬೇಜಾರಾಗಬೇಡ. ಹತ್ತು ಸಾವಿರದ ಖರ್ಚು ಆರು ತಿಂಗಳಲ್ಲಿ ವಾಪಸ್ ಬರುತ್ತೆ ಅಂದ್ರೆ ಅದು ಒಳ್ಳೇ ಲೆಕ್ಕವೇ. ಆಮೇಲೆ ಕೌಂಟರಲ್ಲಿ ಸಂಬಳ ಏರೋದು ನಿಧಾನ. ನಮ್ಮಲ್ಲಿ ಎರಡು ವರ್ಷದಲ್ಲಿ ಒಬ್ಬಳೇ ಕೂತು ಒಂದು ಪಾರ್ಟಿಯ, ಅಂದ್ರೆ ಗಿರಾಕಿಯ, ತೆರಿಗೆ ರಿಟರ್ನ್ ಪೂರ್ತಿ ತಯಾರು ಮಾಡೋ ಹಾಗಾದರೆ ಬೇರೆ ಆಫೀಸಿನವರೇ ಕರೀತಾರೆ. ಅದನ್ನ ಪತ್ರದಲ್ಲಿ ಬರೆಯಬೇಡ, ಯಾಕಂದ್ರೆ ಅದು ನಿನ್ನ ಕೈಯಲ್ಲಿರೋದು, ಕೋರ್ಸಿನದ್ದಲ್ಲ.

ಸಂಬಳಕ್ಕಿಂತ ಮೊದಲು ಏನು ಮಾಡೋಕೆ ಬರುತ್ತೆ ಅನ್ನೋದನ್ನ ಬರಿ. ನಾನು ಪರೀಕ್ಷೆ ಮಾಡೋದು ಹೀಗೆ. ಒಂದು ಅಂಗಡಿಯ ಒಂದು ತಿಂಗಳ ಖರೀದಿ ಬಿಲ್ಲು ಕೊಡ್ತೀನಿ, ಎಂಟ್ರಿ ಮಾಡು ಅಂತೀನಿ. ಆಮೇಲೆ ಆ ತಿಂಗಳ 2ಬಿ ಅನ್ನೋ ಜಿಎಸ್‌ಟಿ ಪಟ್ಟಿ ಕೊಡ್ತೀನಿ. ಮಾರಿದವರು ತಮ್ಮ ರಿಟರ್ನಲ್ಲಿ ತೋರಿಸಿದ ಬಿಲ್ಲುಗಳು ಅದರಲ್ಲಿ ಬಂದಿರುತ್ತೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಮುಂದಿನ ತಿಂಗಳು 14ನೇ ತಾರೀಖು ಸಿಗುತ್ತೆ. ನಮ್ಮ ಹತ್ರ ಇರೋ ಯಾವ ಬಿಲ್ಲು ಅದರಲ್ಲಿ ಬಂದಿಲ್ಲ ಅಂತ ಹುಡುಕಿ ಪಟ್ಟಿ ಮಾಡಬೇಕು. ಪ್ರತಿ ತಿಂಗಳು ರಿಟರ್ನ್ ಹಾಕೋ ಪಾರ್ಟಿಗಳಿಗೆ 20ನೇ ತಾರೀಖು 3ಬಿ ಅನ್ನೋ ರಿಟರ್ನಿಗೆ ಕೊನೇ ದಿನ. 14ರಿಂದ 20, ಆ ಆರು ದಿನದಲ್ಲಿ ಈ ಕೆಲಸ ಮಾಡಿಕೊಡೋರು ನಮಗೆ ಬೇಕು. ಸರ್ಟಿಫಿಕೇಟನ್ನ ನಾನು ಇವತ್ತಿನವರೆಗೆ ತೆರೆದು ನೋಡಿಲ್ಲ.

ಕೊನೇ ಬೆಂಚು

ಅಕ್ಕ ಹೇಳಿದ 2ಬಿ ಕೆಲಸ ನನಗೆ ಕೋರ್ಸಲ್ಲಿ ಹೇಳಿಕೊಡಲೇ ಇಲ್ಲ. ಕೀ ಒತ್ತೋದು, ಲೆಡ್ಜರ್ ಮಾಡೋದು, ಇದರಲ್ಲೇ ಮೂರು ತಿಂಗಳು ಮುಗೀತು. ಲ್ಯಾಪ್‌ಟಾಪ್ ಇಲ್ಲದೆ ಮನೇಲಿ ಪ್ರಾಕ್ಟೀಸೂ ಆಗಲಿಲ್ಲ. ನಿಮ್ಮ ಬಜೆಟ್ಟಲ್ಲಿ ಲ್ಯಾಪ್‌ಟಾಪ್ ಕಾಣ್ತಿಲ್ಲ, ಅದಕ್ಕೇನು ಮಾಡ್ತೀರಾ?

ಅಟ್ಟದ ಕೊಬ್ಬರಿ

ಮನೇಲಿ ಇಲ್ಲ. ಕಾಲೇಜಿನ ಲ್ಯಾಬಲ್ಲಿ ಶನಿವಾರ ಕೂರಬಹುದಾ ಅಂತ ಎಚ್‌ಒಡಿ ಸರ್‌ನ ಕೇಳಿದೀನಿ, ಆಗಲಿ ಅಂದಿದ್ದಾರೆ. ಅಲ್ಲಿ ಟ್ಯಾಲಿ ಲೈಸೆನ್ಸ್ ಇಲ್ಲ.

ಡೇಬುಕ್

ಲೈಸೆನ್ಸ್ ಬೇಡ. ಟ್ಯಾಲಿಪ್ರೈಮ್ ತೆರೆದಾಗ ಎಜುಕೇಶನ್ ಮೋಡ್ ಅಂತ ಕೇಳುತ್ತೆ, ಅದು ಉಚಿತ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕೋಕಾಗೋದು. ಕಲಿಯೋಕೆ ಅಷ್ಟು ಸಾಕು, ಬಿಲ್ಲಿನ ತಾರೀಖೆಲ್ಲಾ 1 ಅಂತ ಹಾಕ್ಕೊಂಡು ಮಾಡು. ಇದನ್ನ ಬಜೆಟ್ಟಲ್ಲಿ ಸೊನ್ನೆ ಅಂತ ತೋರಿಸು, ಬಿಡಬೇಡ. ಬಿಟ್ಟರೆ ಆಮೇಲೆ ಲ್ಯಾಪ್‌ಟಾಪ್ ಕೇಳ್ತಾಳೆ ಅಂತ ಅಪ್ಪ ಅಂದುಕೊಳ್ತಾರೆ.

ಉಜಿರೆ ಬ್ಯಾಚ್

ಯಾರೂ ಈ ವಿಷಯ ಎತ್ತಿಲ್ಲವಲ್ಲ. ದುಡ್ಡೇ ಕೊಡದೆ ಕಲಿಯಬಹುದು. ನಾನು ಉಜಿರೆಯ ರುಡ್‌ಸೆಟ್‌ನಲ್ಲಿ ಕಲಿತೆ. 1982ರಿಂದ ನಡೀತಿರೋ ಸಂಸ್ಥೆ, ಊಟ ವಸತಿ ಎಲ್ಲಾ ಉಚಿತ. ಅದೇ ಮಾದರಿಯಲ್ಲಿ ಈಗ ಎಲ್ಲ ಕಡೆ ಬ್ಯಾಂಕುಗಳು ನಡೆಸೋ ಆರ್‌ಸೆಟಿ ಇವೆ. ಹಳ್ಳಿ ಮಕ್ಕಳಿಗೇ ಮೊದಲ ಆದ್ಯತೆ. ಕಂಪ್ಯೂಟರ್ ಅಕೌಂಟಿಂಗ್ ಬ್ಯಾಚೂ ಮಾಡ್ತಾರೆ.

ಅಟ್ಟದ ಕೊಬ್ಬರಿ

ಅಣ್ಣ, ಅದು ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ವಾ? ನನಗೆ ಕಾಲೇಜಿದೆ. ಮೇ ಪರೀಕ್ಷೆ ಮುಗಿದ ಮೇಲೆ ಆಗಬಹುದು.

ಉಜಿರೆ ಬ್ಯಾಚ್

ಹೌದು, ಅಲ್ಲೇ ಇದ್ದು ಕಲಿಯೋದು. ಆದರೂ ಐದು ತಿಂಗಳು ಕಾದರೆ ಹತ್ತು ಸಾವಿರ ಉಳಿಯುತ್ತೆ ಅಲ್ವಾ? ಒಂದು ಮಾತು, ಅವರ ಉದ್ದೇಶ ಸ್ವಂತ ಉದ್ಯೋಗ. ಹಾಗಾಗಿ ನಿಮಗೆ ಬೇಕಾದ ರಿಟರ್ನಿನ ಕೆಲಸ ಎಷ್ಟು ಆಳಕ್ಕೆ ಇರುತ್ತೆ ಅನ್ನೋದು ಬ್ಯಾಚಿನ ಮೇಲೆ ಹೋಗುತ್ತೆ.

ಡೇಬುಕ್

ಇದು ನಿನ್ನ ಪತ್ರಕ್ಕೆ ಬಂದಿರೋ ದೊಡ್ಡ ಪ್ರಶ್ನೆ ತಂಗಿ. ಇದನ್ನ ನೀನೇ ಬರಿ. ನೀನು ಬರೆಯದಿದ್ದರೆ ಅಪ್ಪನಿಗೆ ಯಾರಾದರೂ ಸೊಸೈಟಿ ಮುಂದೆ ಹೇಳ್ತಾರೆ, ಆಗ ಮಗಳು ಮುಚ್ಚಿಟ್ಟಳು ಅನ್ನಿಸುತ್ತೆ. ಜನವರಿಯಲ್ಲೇ ಯಾಕೆ ಅನ್ನೋಕೆ ನಿಜವಾದ ಕಾರಣ ಒಂದಿದೆ. ಆದಾಯ ತೆರಿಗೆ ರಿಟರ್ನಿಗೆ, ಆಡಿಟಿಗೆ ಕೊನೇ ದಿನ ಜುಲೈ ಕೊನೆಯಿಂದ ಸೆಪ್ಟೆಂಬರ್ ಕೊನೆಯೊಳಗೆ ಬರುತ್ತೆ, ಅದರ ಮುಂಚೆ ಆಫೀಸುಗಳಿಗೆ ಜನ ಸಾಲಲ್ಲ. ಜೂನ್‌ನಲ್ಲಿ ಕಲಿತು ಬಂದಿರೋರನ್ನ ತಗೊಳ್ತೀವಿ, ಜೂನ್‌ನಲ್ಲಿ ಕಲಿಯೋಕೆ ಹೋಗೋರು ಆ ಸಮಯ ತಪ್ಪಿಸಿಕೊಳ್ತಾರೆ. ಅದಕ್ಕೆ ಹತ್ತು ಸಾವಿರ ಕೊಡಬಹುದಾ ಅನ್ನೋದು ನಿಮ್ಮ ಮನೆಯವರು ಕೂತು ಮಾತಾಡಬೇಕಾದ್ದು.

ಇಬ್ಬರ ಅಪ್ಪ

ತಾಯಿ, ಒಂದು ಕೇಳ್ತೀನಿ. ನಿಮ್ಮಪ್ಪ ಎರಡು ಸಲ ಮಾತು ತಿರುಗಿಸಿದರು ಅಂದೆ. ದುಡ್ಡಿಗಾಗಿ ಮಾತ್ರನಾ?

ಅಟ್ಟದ ಕೊಬ್ಬರಿ

ಇಲ್ಲ ಸರ್. ಅಣ್ಣ ಮೂರು ವರ್ಷದ ಹಿಂದೆ ಒಂದು ಕಂಪ್ಯೂಟರ್ ಕೋರ್ಸಿಗೆ ಸೇರಿ ಮೂರು ವಾರಕ್ಕೆ ಬಿಟ್ಟ. 6,000 ಪೂರ್ತಿ ಮುಂಗಡ ಕಟ್ಟಿದ್ವಿ. ಮನೇಲಿ ಯಾರೂ ಅದರ ಬಗ್ಗೆ ಮಾತಾಡಲ್ಲ.

ಇಬ್ಬರ ಅಪ್ಪ

ಅದಕ್ಕೆ ಪತ್ರದಲ್ಲಿ ಉತ್ತರ ಇರಲಿ. ಅಣ್ಣನ ಹೆಸರು ಎತ್ತಬೇಡ. ಪೂರ್ತಿ ದುಡ್ಡು ಒಂದೇ ಸಲ ಕೇಳಬೇಡ. ಎರಡು ಕಂತು ಮಾಡು, ನಡುವೆ ಒಂದು ಪರೀಕ್ಷೆ ಇಡು. ಮೊದಲ ತಿಂಗಳಲ್ಲಿ ಇಷ್ಟು ಬರದಿದ್ದರೆ ಎರಡನೇ ಕಂತು ಕೊಡಬೇಡಿ ಅಂತ ನೀನೇ ಬರಿ. ನನ್ನ ಮಗ ಹಾಗೆ ಬರೆದಿದ್ದರೆ ನನ್ನ ಅರ್ಧ ಭಯ ಹೋಗ್ತಿತ್ತು.

ಅಟ್ಟದ ಕೊಬ್ಬರಿ

ನಿನ್ನೆ ಎರಡೂ ಕಡೆ ಕ್ಲಾಸಲ್ಲಿ ಕೂತೆ. ಎರಡನೇ ಸೆಂಟರಲ್ಲಿ ಒಂದು ಕೊಬ್ಬರಿ ಮಂಡಿಯ ಹಳೇ ಬಿಲ್ಲುಗಳನ್ನ ಹೆಸರು ಮುಚ್ಚಿ ಜೆರಾಕ್ಸ್ ಮಾಡಿ ಕೊಟ್ಟಿದ್ದರು. ಕೊಬ್ಬರಿ ಮೇಲೆ 5% ಹಾಕಿರೋದು ನೋಡಿದೆ. ಅಪ್ಪ ಮಾರಿದ ಕೊಬ್ಬರಿಯೂ ಮುಂದೆ ಹೋಗೋದು ಇದೇ ಥರ ಬಿಲ್ಲಲ್ಲಿ ಅಂತ ನನಗೆ ಇಲ್ಲಿವರೆಗೆ ಗೊತ್ತಿರಲಿಲ್ಲ. ಮೊದಲ ಸೆಂಟರಿನ ಮೇಷ್ಟ್ರು ವಿವರಿಸೋದು ನಿಜವಾಗಲೂ ಇನ್ನೂ ಚೆನ್ನಾಗಿದೆ, ಆದರೆ ಮಾಡಿಸೋದು ಪುಸ್ತಕದಿಂದ. ಎರಡನೇದಕ್ಕೇ ಬರೆದಿದೀನಿ:

"ಅಪ್ಪಾಜಿ, ಅಮ್ಮ,

ಜನವರಿಯಿಂದ ಮಾರ್ಚ್‌ವರೆಗೆ ಟ್ಯಾಲಿ–ಜಿಎಸ್‌ಟಿ ಕಲಿಯಬೇಕು ಅಂತಿದೀನಿ. ಕ್ಲಾಸು 3ರಿಂದ 5. 5:15ರ ಬಸ್ಸಿಗೆ ಬರ್ತೀನಿ.

ಫೀ 8,500. ಜಿಎಸ್‌ಟಿ 1,530. ಇವರ ನಂಬರ್ ಸರ್ಕಾರದ ವೆಬ್‌ಸೈಟಲ್ಲಿ ಚಾಲ್ತಿಯಲ್ಲಿರೋದನ್ನ ನೋಡಿದೀನಿ. ನೋಟ್ಸ್ ಮತ್ತು ಜೆರಾಕ್ಸ್ 350. ಬಸ್ ತಪ್ಪಿದ ದಿನ ಆಟೋಗೆ ಒಟ್ಟು 400. ಬಸ್ಸಿಗೆ ಸೊನ್ನೆ. ಲ್ಯಾಪ್‌ಟಾಪ್ ಬೇಡ, ಶನಿವಾರ ಕಾಲೇಜು ಲ್ಯಾಬಲ್ಲಿ ಕೂರೋಕೆ ಸರ್ ಒಪ್ಪಿದ್ದಾರೆ. ಒಟ್ಟು 10,780.

ಪಕ್ಕದ ಮನೆ ಮಕ್ಕಳಿಗೆ ಪಾಠ ಹೇಳಿದ್ದರಲ್ಲಿ ನನ್ನ ಹತ್ರ 2,200 ಇದೆ, ಅದನ್ನ ಹಾಕ್ತೀನಿ. ಉಳಿದದ್ದು 8,580. ಈಗ ಬೇಕಾಗಿರೋದು 3,180. ಎರಡನೇ ಕಂತು 5,000, ಫೆಬ್ರವರಿ ಮೊದಲ ವಾರ. ಆಟೋ ದುಡ್ಡು ಬೇಕಾದಾಗ.

ಎರಡನೇ ಕಂತಿಗೆ ಮುಂಚೆ ನಮ್ಮ ತೋಟದ ಈ ವರ್ಷದ ಲೆಕ್ಕವನ್ನ ನಿಮ್ಮ ನೋಟ್‌ಬುಕ್ ನೋಡಿ ಕಂಪ್ಯೂಟರಲ್ಲಿ ಹಾಕಿ ಪ್ರಿಂಟ್ ತಂದು ಕೊಡ್ತೀನಿ. ತರದಿದ್ದರೆ ಕಂತು ಕಟ್ಟೋದು ಬೇಡ. ಮಾರ್ಚ್ ಕೊನೆಗೆ ಒಂದು ಅಂಗಡಿಯ ಒಂದು ತಿಂಗಳ ಬಿಲ್ಲು ಹಾಕಿ, ತೆರಿಗೆ ತಾಳೆ ನೋಡಿ, ರಿಟರ್ನಿಗೆ ಬೇಕಾದ ಲೆಕ್ಕ ತೆಗೆಯೋಕೆ ಬರಬೇಕು.

ಕೋರ್ಸ್ ಇಲ್ಲದೆ ಅಂಗಡಿ ಕೆಲಸಕ್ಕೆ ಹೋದ ಸೀನಿಯರ್‌ಗೆ 8,000. ಇದನ್ನ ಕಲಿತು ಆಡಿಟರ್ ಆಫೀಸಿಗೆ ಹೋದವಳಿಗೆ 10,000. ತಿಂಗಳಿಗೆ 2,000 ಹೆಚ್ಚು. ಕೆಲಸ ಸಿಕ್ಕ ಆರು ತಿಂಗಳಿಗೆ ಖರ್ಚು ತೀರುತ್ತೆ. ಕೆಲಸ ಸಿಗೋದು ತಡ ಆದರೆ ಇದೂ ತಡ ಆಗುತ್ತೆ.

ಬ್ಯಾಂಕಿನವರ ಉಚಿತ ತರಬೇತಿಯೂ ಇದೆ. ಅಲ್ಲೇ ಉಳಿದು ಕಲಿಯಬೇಕು, ಪರೀಕ್ಷೆ ಮುಗಿದ ಮೇಲೆ ಮಾತ್ರ ಆಗೋದು. ಆಡಿಟರ್ ಆಫೀಸುಗಳು ಜನರನ್ನ ತಗೊಳ್ಳೋದು ಜೂನ್‌ನಲ್ಲಿ. ಅದಕ್ಕೇ ಈಗ ಕೇಳ್ತಿದೀನಿ. ನೀವು ಬೇಡ ಅಂದರೆ ಅದಕ್ಕೆ ಅರ್ಜಿ ಹಾಕ್ತೀನಿ."

ಡೇಬುಕ್

ಕೂಡಿ ನೋಡಿದೆ, ತಾಳೆ ಆಗುತ್ತೆ. ಒಂದು ಸಾಲು ಸೇರಿಸು: ಬ್ಯಾಚ್ ನಿಂತರೆ ಕಟ್ಟಿದ ದುಡ್ಡಲ್ಲಿ ಎಷ್ಟು ವಾಪಸ್, ಅದನ್ನ ರಸೀದಿ ಮೇಲೆ ಬರೆಸಿಕೊಳ್ತೀನಿ ಅಂತ. ಬರೆಸಿಕೊಳ್ಳದೆ ಕಟ್ಟಬೇಡ.

ನೇರನುಡಿ ಮಂಡ್ಯ

ನಾನು ಈಗಲೂ ಹೇಳೋದು, ಬಡವರ ಮಕ್ಕಳ ಫೀ ಮೇಲೆ 1,530 ತೆರಿಗೆ ಅನ್ಯಾಯ. ಕಾನೂನು ಇರಬಹುದು, ನ್ಯಾಯ ಅಲ್ಲ.

ಅಟ್ಟದ ಕೊಬ್ಬರಿ

ನಿನ್ನೆ ರಾತ್ರಿ ಊಟ ಆದಮೇಲೆ ಕೊಟ್ಟೆ. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದರು, ಪೆನ್ಸಿಲಲ್ಲಿ ಕೂಡಿ ನೋಡಿದರು. ತೋಟದ ಲೆಕ್ಕದ ಸಾಲಿನ ಹತ್ರ ನಿಂತು "ಗೊಬ್ಬರದ ಹಳೇ ಬಾಕಿಯೂ ಹಾಕ್ತೀಯಾ?" ಅಂತ ಕೇಳಿದರು. ಹಾಕ್ತೀನಿ ಅಂದೆ. ಅಮ್ಮ ಕೇಳಿದ್ದು ಬಸ್ ತಪ್ಪಿದರೆ ಕ್ರಾಸಿಂದ ಕತ್ತಲಲ್ಲಿ ಒಬ್ಬಳೇ ಆಟೋದಲ್ಲಿ ಬರ್ತೀಯಾ ಅಂತ. ಜನವರಿಯಲ್ಲಿ ಬೇಗ ಕತ್ತಲಾಗುತ್ತೆ, ಅದಕ್ಕೆ ನನ್ನ ಪತ್ರದಲ್ಲಿ ಉತ್ತರ ಇರಲಿಲ್ಲ. ನಮ್ಮೂರಿನ ಇನ್ನೊಬ್ಬ ಹುಡುಗಿಯನ್ನೂ ಸೇರ್ತೀಯಾ ಅಂತ ಕೇಳ್ತೀನಿ.

ಇನ್ನೂ ಹೂಂ ಅಂದಿಲ್ಲ. ಶನಿವಾರ ಅಪ್ಪ ನನ್ನ ಜೊತೆ ಸೆಂಟರಿಗೆ ಬರ್ತಾರೆ. ಅದಕ್ಕೆ ಮುಂಚೆ ಆರ್‌ಸೆಟಿಗೆ ಫೋನ್ ಮಾಡಿ ಜೂನ್ ಬ್ಯಾಚ್ ಇದೆಯಾ ಕೇಳು ಅಂದಿದ್ದಾರೆ. ನಾಳೆ ಬೆಳಿಗ್ಗೆ ಮಾಡ್ತೀನಿ.